ಎಷ್ಟು ಥರದ ಬಿಳಿ ಇದೆ, ಎಣಿಸಿ: ಇಪ್ಪತ್ತು ವರ್ಷದ ಹಿಂದಿನ ಬ್ಯಾಚ್ ಫೋಟೋಗೆ ಕ್ಯಾಪ್ಷನ್ ಬರೆದ ಬಗೆ

ಕೈಗೆ ಬಂದದ್ದು 2005–06ರ ಹತ್ತನೇ ತರಗತಿಯ ಗ್ರೂಪ್ ಫೋಟೋ. ಹೋಬಳಿ ಕೇಂದ್ರವೊಂದರ ಸರ್ಕಾರಿ ಪ್ರೌಢಶಾಲೆ. ಎಂಟು ಇಂಚಿಗೆ ಹನ್ನೆರಡು ಇಂಚಿನ ಪ್ರಿಂಟು, ದಪ್ಪ ಕಾರ್ಡಿಗೆ ಅಂಟಿಸಿದ್ದು. ಕೆಳಗೆ ಹೆಸರು ಅಚ್ಚಾಗಿದ್ದ ಪಟ್ಟಿಯ ಅರ್ಧ ಭಾಗ ಗೋಡೆಯ ತೇವಕ್ಕೆ ಹೋಗಿದೆ. ನೆಲದ ಮೇಲೆ ಒಂಬತ್ತು ಹುಡುಗರು, ಕುರ್ಚಿಯಲ್ಲಿ ಎಂಟು ಮೇಷ್ಟ್ರುಗಳು, ಅವರ ಹಿಂದೆ ನಿಂತ ಹದಿನಾಲ್ಕು ಹುಡುಗಿಯರು, ಕೊನೆಗೆ ಬೆಂಚಿನ ಮೇಲೆ ಹತ್ತು ಹುಡುಗರು. ಕೆಲಸ ಇಷ್ಟೇ: ಇಪ್ಪತ್ತನೇ ವರ್ಷದ ಸ್ನೇಹ ಸಮ್ಮಿಲನಕ್ಕೆ ಈ ಫೋಟೋ ಹಾಕಬೇಕು, ಅಡಿಯಲ್ಲಿ ನಾಲ್ಕು ಸಾಲು ಇರಬೇಕು, ಸಾಲಿನಲ್ಲಿ ಹಳೇ ಅಡ್ಡಹೆಸರುಗಳು ಬರಬೇಕು.

ನಾಲ್ಕು ಸಾಲು ಬರೆಯೋಕೆ ಹನ್ನೊಂದು ದಿನ ಹಿಡಿಯಿತು. ಅದರಲ್ಲಿ ಬರೆದದ್ದು ಒಂದು ಸಂಜೆ. ಉಳಿದದ್ದೆಲ್ಲ ನೋಡಿದ್ದು, ಕೇಳಿದ್ದು, ಹೊಡೆದುಹಾಕಿದ್ದು.

ಮೊದಲ ಕರಡು ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲೇ ತಯಾರಾಗಿತ್ತು. "ಮರೆಯಲಾಗದ ಆ ಮಧುರ ಕ್ಷಣಗಳು, ಮತ್ತೆ ಬಾರದ ಬಾಲ್ಯದ ಬುತ್ತಿ" ಅಂತ ಶುರುವಾಗಿ ಮೂರು ಹೃದಯದ ಚಿಹ್ನೆಗಳಲ್ಲಿ ಮುಗಿಯುತ್ತಿತ್ತು. ಇಂಥದ್ದನ್ನು ಜರಡಿ ಹಿಡಿಯೋಕೆ ಒಂದು ಸುಲಭದ ದಾರಿ ಇದೆ. ಪಕ್ಕದ ಊರಿನ ಶಾಲೆಯ ಫೋಟೋ ತೆಗೆದು ಇದೇ ಸಾಲಿನ ಮೇಲಿಟ್ಟು ನೋಡಿ. ಅಲ್ಲಿಗೂ ಒಪ್ಪಿದರೆ ಆ ಸಾಲು ಯಾರದ್ದೂ ಅಲ್ಲ. ಮಧುರ ಕ್ಷಣ ಎಲ್ಲ ಫೋಟೋಗೂ ಒಪ್ಪಿತು, ಮದುವೆ ಆಲ್ಬಮ್ಮಿಗೂ ಒಪ್ಪಿತು. ತೆಗೆದೆವು.

ಹಾಗಾದರೆ ಈ ಫೋಟೋಗೆ ಮಾತ್ರ ಒಪ್ಪುವಂಥದ್ದು ಏನು? ಅದನ್ನು ನೆನಪಿನಲ್ಲಿ ಹುಡುಕುವ ಮೊದಲು ಫೋಟೋದಲ್ಲೇ ಹುಡುಕಬೇಕು. ಅದಕ್ಕೆ ಫೋಟೋ ಸರಿಯಾಗಿ ಕಾಣಬೇಕು. ಗುಂಪಿಗೆ ಬಂದಿದ್ದು ಯಾರೋ ಟ್ಯೂಬ್‌ಲೈಟ್ ಕೆಳಗೆ ಮೊಬೈಲಿನಲ್ಲಿ ಹೊಡೆದ, ನಡುವೆ ಹೊಳಪು ಕೂತ ಪ್ರತಿ. ಅದೂ ನಾಲ್ಕು ಕೈ ದಾಟಿ ಕುಗ್ಗಿತ್ತು. ಮೂಲ ಪ್ರತಿ ತರಿಸಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿದೆವು. ಈ ಅಳತೆಯ ಗುಂಪುಚಿತ್ರದಲ್ಲಿ ಒಂದು ತಲೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಎತ್ತರ ಇರುತ್ತೆ. 600ರಲ್ಲಿ ಸ್ಕ್ಯಾನ್ ಮಾಡಿದರೆ ಆ ಒಂದು ಸೆಂಟಿಮೀಟರಿಗೆ ಸುಮಾರು 236 ಪಿಕ್ಸೆಲ್ ಸಿಗುತ್ತದೆ, ಕಣ್ಣು ಮುಚ್ಚಿದವರು ಯಾರು ಅಂತ ಗೊತ್ತಾಗೋಕೆ ಸಾಕು. ಸ್ಕ್ಯಾನರ್ ಸಿಗದಿದ್ದರೆ ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ, ಫ್ಲ್ಯಾಶ್ ಇಲ್ಲದೆ, ಫೋಟೋಗೆ ಸಮಾನಾಂತರವಾಗಿ ಮೊಬೈಲ್ ಹಿಡಿದು ತೆಗೆದರೂ ಆದೀತು. ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೋ ಅಂತಲ್ಲ, ಡಾಕ್ಯುಮೆಂಟ್ ಅಂತ ಕಳಿಸಬೇಕು. ಇನ್ನೊಂದು ಮಾತು: ಫ್ರೇಮಿನಲ್ಲಿದ್ದ ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಲೇಬಾರದು. ಪ್ರಿಂಟಿನ ಮೇಲಿನ ಜೆಲಟಿನ್ ಪದರ ತೇವಕ್ಕೆ ಗಾಜನ್ನು ಹಿಡಿದಿರುತ್ತದೆ, ಎಳೆದರೆ ಮುಖಗಳು ಗಾಜಿನ ಮೇಲೇ ಉಳಿಯುತ್ತವೆ. ಗಾಜಿನ ಸಮೇತವೇ ಪ್ರತಿ ತೆಗೆಯಬೇಕು.

ಸ್ಕ್ಯಾನ್ ಆದ ಮೇಲೆ ಒಬ್ಬರು ಉತ್ಸಾಹದಿಂದ ಬಣ್ಣ ಸರಿಪಡಿಸುವ ಒಂದು ಗುಂಡಿ ಒತ್ತಿದರು. ಎಲ್ಲರ ಅಂಗಿಯೂ ಒಂದೇ ಸಲಕ್ಕೆ ಹಾಲಿನಂತೆ ಬೆಳ್ಳಗಾಯಿತು. ನೋಡೋಕೇನೋ ಚೆಂದ, ಆದರೆ ಆ ಒಂದು ಗುಂಡಿಯಲ್ಲಿ ಫೋಟೋದಲ್ಲಿದ್ದ ಮುಖ್ಯ ಸಂಗತಿಯೇ ಅಳಿಸಿಹೋಯಿತು. ಯಾಕೆಂದರೆ ಮಾಸಿರುವುದು ಫೋಟೋವೋ ಸಮವಸ್ತ್ರವೋ ಅನ್ನುವ ಪ್ರಶ್ನೆ ಇನ್ನೂ ಇತ್ಯರ್ಥ ಆಗಿರಲಿಲ್ಲ.

ಇದನ್ನು ಗುರುತಿಸೋದು ಕಷ್ಟವಲ್ಲ. ಫೋಟೋ ಮಾಸಿದ್ದರೆ ಎಲ್ಲ ಬಿಳಿಯೂ ಒಂದೇ ಕಡೆಗೆ ವಾಲಿರುತ್ತದೆ: ಅಂಗಿ, ಗೋಡೆಯ ಸುಣ್ಣ, ಹೆಡ್‌ಮಾಸ್ಟರ ಪಂಚೆ, ಎಲ್ಲವೂ ಒಟ್ಟಿಗೆ ಹಳದಿಗೋ ಕೆಂಪಿಗೋ ತಿರುಗಿರುತ್ತವೆ. ಸಮವಸ್ತ್ರ ಮಾಸಿದ್ದರೆ ಒಬ್ಬನ ಬಿಳಿಗೂ ಪಕ್ಕದವನ ಬಿಳಿಗೂ ವ್ಯತ್ಯಾಸ ಕಾಣುತ್ತದೆ. ಈ ಫೋಟೋದಲ್ಲಿ ಎರಡೂ ಆಗಿತ್ತು. ಹಾಗಾಗಿ ಹಿಂದಿನ ಗೋಡೆಯ ಸುಣ್ಣವನ್ನು ಬಿಳಿ ಅಂತ ಇಟ್ಟುಕೊಂಡು, ಅದು ಬಿಳಿಯಾಗಿ ಕಾಣುವಷ್ಟು ಮಾತ್ರ ಬಣ್ಣ ತಿದ್ದಿದೆವು. ಪ್ರಿಂಟಿನ ಹಳದಿ ಇಳಿಯಿತು. ಅಂಗಿಗಳು ಒಂದೊಂದೂ ತನ್ನ ತನ್ನ ಬಣ್ಣದಲ್ಲಿ ಮೇಲೆ ಬಂದವು.

ಬೆಂಚಿನ ಮೇಲಿನ ಸಾಲಿನಲ್ಲಿ ಇಬ್ಬರ ಅಂಗಿ ನೀಲಿ ನೀಲಿ. ಅದು ತೊಳೆದ ಮೇಲೆ ಹಾಕುವ ನೀಲಿ, ಬಕೀಟಿಗೆ ನಾಲ್ಕು ಹನಿ ಬದಲು ಅರ್ಧ ಮುಚ್ಚಳ ಬಿದ್ದದ್ದು. ಪಕ್ಕದಲ್ಲೊಂದು ಕೆನೆ ಬಣ್ಣ. ಹೊಸ ಬಿಳಿ ಬಟ್ಟೆಗೆ ಹೊಳಪು ಕೊಡುವ ರಾಸಾಯನಿಕ ಹಾಕಿರುತ್ತಾರೆ, ವರ್ಷಗಟ್ಟಲೆ ಒಗೆದರೆ ಅದು ಹೋಗಿ ಬಟ್ಟೆಯ ಸ್ವಂತ ಬಣ್ಣ ಉಳಿಯುತ್ತದೆ. ಮೂರನೆಯದು ತಿಳಿ ಕಾವಿ. ಕಬ್ಬಿಣದ ಅಂಶ ಇರುವ ಬೋರ್‌ವೆಲ್ ನೀರಿನಲ್ಲಿ ಒಗೆದ ಬಟ್ಟೆ ಹೀಗೆ ಕಾವಿಗೆ ತಿರುಗುತ್ತದೆ. ಒಂದೇ ಬೀದಿಯಿಂದ ಬರುತ್ತಿದ್ದ ಮೂವರ ಅಂಗಿಯೂ ಇದೇ ಬಣ್ಣ ಅಂತ ಆಮೇಲೆ ಗೊತ್ತಾಯಿತು. ಒಂದು ಅಂಗಿ ಮಾತ್ರ ಕಣ್ಣು ಕುಕ್ಕುವ ಬಿಳಿ, ಫೋಟೋಗೆ ಅಂತಲೇ ಹೊಸದು. ಇನ್ನೊಂದರ ಭುಜ ತೋಳಿನ ಮೇಲಕ್ಕೆ ಇಳಿದಿದೆ, ಅಣ್ಣನದು.

ಕೆಳಗೆ ಕೂತವರಲ್ಲಿ ಎಡದಿಂದ ಎರಡನೆಯ ಹುಡುಗನ ಪ್ಯಾಂಟು ಇನ್ನೂ ಸ್ಪಷ್ಟ. ಕಡುನೀಲಿ ಬಟ್ಟೆ ಒಗೆತಕ್ಕೂ ಬಿಸಿಲಿಗೂ ಬೂದು ತಿರುಗಿದೆ, ಆದರೆ ಕಾಲಿನ ಅಂಚಿನಲ್ಲಿ ಎರಡು ಬಿಳಿಚಿದ ಗೆರೆ, ಗೆರೆಯ ಕೆಳಗೆ ಹೊಸ ಬಟ್ಟೆಯಂಥ ಗಾಢ ಪಟ್ಟಿ. ಉದ್ದ ಬೆಳೆಯುವ ಹುಡುಗನಿಗೆ ಹೊಲಿಸುವಾಗ ಕೆಳಗೆ ಎರಡು ಮೂರು ಇಂಚು ಮಡಿಸಿ ಬಿಡುತ್ತಿದ್ದರು. ವರ್ಷಕ್ಕೊಮ್ಮೆ ಬಿಚ್ಚಿದರೆ ಹಳೇ ಮಡಿಕೆ ತಿಕ್ಕಿದ ಜಾಗ ಗೆರೆಯಾಗಿ ಉಳಿಯುತ್ತದೆ, ಒಳಗೆ ಅಡಗಿದ್ದ ಬಟ್ಟೆ ಬಣ್ಣ ಕಳೆದುಕೊಂಡಿರುವುದಿಲ್ಲ. ಎರಡು ಗೆರೆ ಅಂದರೆ ಎರಡು ಸಲ ಬಿಚ್ಚಿದ್ದು. ಎಂಟನೇ ಕ್ಲಾಸಿನಿಂದ ಹತ್ತರವರೆಗೆ ಒಂದೇ ಪ್ಯಾಂಟು. ಮರದ ಉಂಗುರ ಎಣಿಸಿ ವಯಸ್ಸು ಹೇಳಿದ ಹಾಗೆ.

ಕ್ಯಾಪ್ಷನ್ನಿನ ಮೊದಲ ಸಾಲು ಇಲ್ಲಿ ಸಿಕ್ಕಿತು. ಅದನ್ನು ಪಕ್ಕಕ್ಕಿಟ್ಟು ಹೆಸರುಗಳಿಗೆ ಬಂದೆವು.

ಗುಂಪಿನಲ್ಲಿ ಪ್ರಶ್ನೆ ಹಾಕುವಾಗಲೇ ಒಂದು ಎಡವಟ್ಟಾಯಿತು. "ಎಲ್ಲರೂ ನಿಮ್ಮ ನಿಮ್ಮ ಅಡ್ಡಹೆಸರು ಬರೆಯಿರಿ" ಅಂದದ್ದಕ್ಕೆ ಮದುವೆಯಾಗಿ ಧಾರವಾಡದ ಕಡೆ ಹೋದವರೊಬ್ಬರು ಗಂಡನ ಮನೆತನದ ಹೆಸರು ಬರೆದರು. ಆ ಕಡೆ ಅಡ್ಡಹೆಸರು ಅಂದರೆ ಮನೆತನದ ಹೆಸರು, ಪಾಟೀಲ, ಕುಲಕರ್ಣಿ ಥರದ್ದು. "ಕ್ಲಾಸಿನಲ್ಲಿ ನಿಮ್ಮನ್ನ ಏನಂತ ಕೂಗ್ತಿದ್ವಿ?" ಅಂತ ಕೇಳಿದರೆ ಗೊಂದಲ ಇಲ್ಲ. ಅದನ್ನೂ ಗುಂಪಿನಲ್ಲಿ ಕೇಳಬಾರದು, ಒಬ್ಬೊಬ್ಬರಿಗೇ ಕೇಳಬೇಕು. ಗುಂಪಿನಲ್ಲಿ ಕೇಳಿದರೆ ಒಬ್ಬನ ಹೆಸರನ್ನು ಬೇರೆಯವರು ಹೇಳುತ್ತಾರೆ, ಹತ್ತು ಜನ ನಗುತ್ತಾರೆ, ಅವನು ಒಂದು ನಗುಮುಖದ ಚಿಹ್ನೆ ಹಾಕಿ ಸುಮ್ಮನಾಗುತ್ತಾನೆ. ಆ ಚಿಹ್ನೆಯನ್ನು ಒಪ್ಪಿಗೆ ಅಂತ ತಿಳಿಯುವುದೇ ಇಂಥ ಕೆಲಸದಲ್ಲಿ ಆಗುವ ದೊಡ್ಡ ತಪ್ಪು.

ಒಟ್ಟು ಇಪ್ಪತ್ತೇಳು ಹೆಸರು ಬಂದವು. ಹಾಳೆಯ ಮೇಲೆ ಬರೆದು ನೋಡಿದರೆ ಎರಡು ಗುಂಪಾಗಿ ಒಡೆಯುತ್ತಿದ್ದವು. ಒಂದು, ಅವನು ಮಾಡಿದ ಕೆಲಸದಿಂದ ಬಂದದ್ದು. ಗಂಟೆ ಹೊಡೆಯುತ್ತಿದ್ದವನು "ಗಂಟೆ". ಹಿಂದಿನ ಬೆಂಚಿನಿಂದ ಕ್ರಿಕೆಟ್ ಸ್ಕೋರು ಬಿತ್ತರಿಸುತ್ತಿದ್ದವನು "ರೇಡಿಯೋ". ಬರದವರ ಹಾಜರಿಯನ್ನೂ ತಾನೇ ಕೂಗುತ್ತಿದ್ದವನು "ಪ್ರೆಸೆಂಟ್ ಸಾರ್". ಇನ್ನೊಂದು, ಅವನ ಕೈಯಲ್ಲಿ ಇಲ್ಲದ್ದರಿಂದ ಬಂದದ್ದು: ಮೈಬಣ್ಣ, ದಪ್ಪ, ತೊದಲು, ಹಲ್ಲು, ಜಾತಿ, ಅಪ್ಪನ ಕಸುಬು, ಫೇಲಾದದ್ದು. ಎರಡನೇ ಗುಂಪಿನ ಹನ್ನೊಂದು ಹೆಸರನ್ನೂ ಕೈಬಿಟ್ಟೆವು, ಅವರೇ "ಪರವಾಗಿಲ್ಲ ಹಾಕ್ರೋ" ಅಂದರೂ. ಕ್ಯಾಪ್ಷನ್ ಓದುವವರು ಆ ಬ್ಯಾಚಿನವರು ಮಾತ್ರ ಅಲ್ಲ. ಈಗ ಹೈಸ್ಕೂಲಿನಲ್ಲಿ ಓದುತ್ತಿರುವ ಅವರ ಮಗನೂ ಓದುತ್ತಾನೆ, ಆಫೀಸಿನವರೂ ಓದುತ್ತಾರೆ.

ಹುಡುಗಿಯರ ವಿಷಯದಲ್ಲಿ ಬೇರೆಯೇ ತೊಡಕು. ಹುಡುಗರು ನೆನಪಿಸಿಕೊಂಡು ಬರೆದ ಹೆಸರುಗಳನ್ನು ಆ ಹುಡುಗಿಯರು ಕೇಳಿಯೇ ಇರಲಿಲ್ಲ, ಅವು ಬೆನ್ನ ಹಿಂದೆ ಇಟ್ಟ ಹೆಸರುಗಳು. ಅಂಥವನ್ನು ಇಪ್ಪತ್ತು ವರ್ಷ ಆದ ಮೇಲೆ ಮೊದಲ ಸಲ ಫೇಸ್‌ಬುಕ್ಕಿನಲ್ಲಿ ಓದಿಸುವುದು ತಮಾಷೆಯಲ್ಲ. ಅವರವರ ನಡುವೆ ಕರೆದುಕೊಳ್ಳುತ್ತಿದ್ದದ್ದು ಹೆಚ್ಚಾಗಿ ಇನಿಷಿಯಲ್ ಸೇರಿಸಿ: ಸುಮಾ ಬಿ., ಸುಮಾ ಕೆ. ಅದನ್ನೇ ಇಟ್ಟುಕೊಂಡೆವು. ಹಾಜರಿ ಕೂಗಿದ ಧ್ವನಿ ಅದರಲ್ಲೇ ಇದೆ.

ಮೇಷ್ಟ್ರುಗಳ ಅಡ್ಡಹೆಸರು ಬೇಡ ಅನ್ನೋಕೆ ಹೆಚ್ಚು ವಾದ ಬೇಕಾಗಲಿಲ್ಲ. ಅದೇ ದಿನ ಬೆಳಿಗ್ಗೆ ಗುರುವಂದನೆ, ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುವ ಕೈಯಲ್ಲೇ ಮೊಬೈಲೂ ಇರುತ್ತದೆ.

ಒಳ್ಳೆಯ ಅಡ್ಡಹೆಸರಿಗೂ ವಿವರಣೆ ಬರೆಯುತ್ತ ಕೂತರೆ ಸಾಲು ಸತ್ತುಹೋಗುತ್ತದೆ. "ಗಂಟೆ ಬಾರಿಸುವ ಜವಾಬ್ದಾರಿ ಹೊತ್ತಿದ್ದರಿಂದ ಪ್ರೀತಿಯಿಂದ ಗಂಟೆ ಎಂದು ಕರೆಯಲ್ಪಡುತ್ತಿದ್ದ" ಅಂತ ಒಂದು ಕರಡಿನಲ್ಲಿತ್ತು. ಗೊತ್ತಿರುವವರಿಗೆ ಬೇಡ, ಗೊತ್ತಿಲ್ಲದವರಿಗೆ ಬೇಕಾಗಿಲ್ಲ. ಹೆಸರನ್ನು ಫೋಟೋದಲ್ಲಿ ಕಾಣುವ ಒಂದು ವಸ್ತುವಿಗೆ ಗಂಟು ಹಾಕಿದರೆ ವಿವರಣೆಯ ಹಂಗೇ ಇರುವುದಿಲ್ಲ. ಕೆಲವು ಹೆಸರುಗಳು ತಾವೇ ಕೆಲಸ ಮಾಡುತ್ತವೆ. ಮಂಜುನಾಥರು ಮೂವರಿದ್ದರು. ಕೆರೆ ಏರಿಯ ಮೇಲಿಂದ ಬರುವವನು ಕೆರೆ ಮಂಜ, ಬಸ್ಸಿಗೆ ಬರುವವನು ಬಸ್ ಮಂಜ, ಇವರಿಬ್ಬರಿಂದ ಬೇರೆ ಮಾಡೋಕೆ ಮೂರನೆಯವನನ್ನು ಬರೀ ಮಂಜ ಅನ್ನುತ್ತಿದ್ದರು. ಮೂರನ್ನೂ ಅದೇ ಕ್ರಮದಲ್ಲಿ ಬರೆದರೆ ಸಾಕು. ಬರೀ ಮಂಜ ಮೊದಲು ಬಂದರೆ ಹಾಸ್ಯ ಕೆಡುತ್ತದೆ, ಪ್ರಯತ್ನಿಸಿ ನೋಡಿದೆವು.

ನೆನಪು ಮೋಸ ಮಾಡುವ ಜಾಗವೂ ಒಂದಿತ್ತು. "ಸರ್ಕಾರಿ ಸೈಕಲ್ಲುಗಳ ಸಾಲು ನಿಲ್ಲುತ್ತಿದ್ದ ಹುಣಸೆ ಮರ" ಅಂತ ಒಬ್ಬರು ಚೆಂದದ ಸಾಲು ಕೊಟ್ಟರು, ನಾಲ್ಕು ಜನ ಹೌದು ಹೌದು ಅಂದರು. ರಾಜ್ಯದಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ ಶುರುವಾದದ್ದು 2006–07ರಲ್ಲಿ. ಈ ಬ್ಯಾಚು ಅಷ್ಟರಲ್ಲಿ ಪರೀಕ್ಷೆ ಬರೆದು ಹೊರಗೆ ಹೋಗಿತ್ತು. ಅವರು ನೆನಪಿಸಿಕೊಂಡದ್ದು ತಮ್ಮ ತಂಗಿಯ ಸೈಕಲ್ಲನ್ನು. ಆ ಸಾಲೂ ಹೋಯಿತು, ಮರ ಮಾತ್ರ ಫೋಟೋದ ಮೂಲೆಯಲ್ಲಿ ಹಾಗೇ ಉಳಿಯಿತು.

ಬ್ಯಾಚಿನ ಹೆಸರಿನಲ್ಲೂ ಎಚ್ಚರ ಬೇಕು. "2006ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರು" ಅಂತ ಬರೆದರೆ ಮಾರ್ಚಿನಲ್ಲಿ ಒಂದು ವಿಷಯ ಉಳಿಸಿಕೊಂಡವರು, ಪರೀಕ್ಷೆಗೇ ಕೂರದವರು ಹೊರಗೆ ಬೀಳುತ್ತಾರೆ. "ಹತ್ತನೇ ತರಗತಿ, 2005–06" ಅಂದರೆ ಎಲ್ಲರೂ ಒಳಗೆ. ಹಾಗೆಯೇ ಹಾಜರಿ ಪುಸ್ತಕದಲ್ಲಿ ಮೂವತ್ತಾರು ಹೆಸರಿದ್ದವು, ಫೋಟೋದಲ್ಲಿ ಇದ್ದದ್ದು ಮೂವತ್ತಮೂರು. ಉಳಿದ ಮೂವರು ಯಾರು ಅಂತ ಪತ್ತೆ ಮಾಡದೆ ಕ್ಯಾಪ್ಷನ್ ಮುಗಿಯುವಂತಿಲ್ಲ. ಫೋಟೋ ದಿನ ಬರದವರು ಸಮ್ಮಿಲನದ ದಿನವೂ ಬರದೇ ಇರುವುದು ಹೆಚ್ಚು, ಕರೆಯೇ ಹೋಗಿರುವುದಿಲ್ಲ. ಒಬ್ಬರು ಅರ್ಧವಾರ್ಷಿಕಕ್ಕೆ ಶಾಲೆ ಬಿಟ್ಟವರು, ಒಬ್ಬರಿಗೆ ಆ ವಾರ ಜ್ವರ. ಮೂರನೆಯವನು ಪ್ರೆಸೆಂಟ್ ಸಾರ್. ಇದು ಗೊತ್ತಾದ ರಾತ್ರಿ ಕ್ಯಾಪ್ಷನ್ನಿನ ಅತ್ಯುತ್ತಮ ಸಾಲು ತಾನಾಗಿ ಬಂತು.

ತೀರಿಕೊಂಡವರದ್ದು ಉಳಿದಿತ್ತು. ಬೆಂಚಿನ ಎಡತುದಿಯಲ್ಲಿ ಹಲ್ಲು ಬಿಟ್ಟು ನಿಂತವನನ್ನು "ಸೌಂಡು" ಅನ್ನುತ್ತಿದ್ದರು, ಅವನು ಹೋಗಿ ಆರು ವರ್ಷ. ಹೆಸರಿನ ಹಿಂದೆ "ದಿ." ಹಾಕಿ ಪಟ್ಟಿಯಲ್ಲಿ ಸೇರಿಸುವುದು ಒಂದು ದಾರಿ, ಆದರೆ "ದಿ. ಸೌಂಡು" ಅಂತ ಯಾರೂ ಬರೆಯಲಾರರು. ಅಡ್ಡಹೆಸರು ಬಳಸಬಹುದೇ ಅಂತ ಅವನ ಮನೆಯವರನ್ನು ಕೇಳಿದೆವು. ಆ ಹೆಸರು ಅವರಿಗೆ ಗೊತ್ತಿರಲಿಲ್ಲ, ಹೇಳಿದ ಮೇಲೆ "ಹಾಗೇ ಇರಲಿ" ಅಂದರು. ಅವನ ಸಾಲನ್ನು ತಮಾಷೆಯ ಸಾಲುಗಳಿಂದ ಬೇರೆಯಾಗಿ, ಮೇಲೆ ಕೆಳಗೆ ಒಂದೊಂದು ಸಾಲು ಖಾಲಿ ಬಿಟ್ಟು ಇಡಬೇಕು ಅಂತ ತೀರ್ಮಾನವಾಯಿತು. ಗಂಟೆಯನ್ನೂ ಕೇಳಿದೆವು, ಪ್ಯಾಂಟಿನ ಗೆರೆಯ ವಿಷಯ ಬರೆಯಬಹುದಾ ಅಂತ. ಬಡತನವನ್ನು ಬೊಟ್ಟು ಮಾಡಿ ತೋರಿಸಿದ ಹಾಗಾದೀತು ಅನ್ನುವ ಅಳುಕು. "ಅಮ್ಮ ಬಿಚ್ಚಿ ಹೊಲಿದಿದ್ದು, ಬರೀರಿ" ಅಂದ.

ಕೊನೆಗೆ ನಿಂತದ್ದು ಇದು:

ಬಿಳಿ ಅಂಗಿ ಅಂತ ಸ್ಕೂಲಿನ ನಿಯಮ. ಈ ಫೋಟೋದಲ್ಲಿ ಎಷ್ಟು ಥರದ ಬಿಳಿ ಇದೆ, ಎಣಿಸಿ.

ಕೆಳಗೆ ಕೂತವರಲ್ಲಿ ಎಡದಿಂದ ಎರಡನೆಯವನು ಗಂಟೆ. ಪ್ಯಾಂಟಿನ ಅಂಚಲ್ಲಿ ಎರಡು ಗೆರೆ: ಒಂದು ಒಂಬತ್ತನೇ ಕ್ಲಾಸಿಗೆ ಬಿಚ್ಚಿದ್ದು, ಇನ್ನೊಂದು ಹತ್ತಕ್ಕೆ. ಪಕ್ಕದಲ್ಲಿ ರೇಡಿಯೋ, ಬಾಯಿ ಮುಚ್ಚಿದ್ದಕ್ಕೆ ಇದೊಂದೇ ಸಾಕ್ಷಿ. ಬೆಂಚಿನ ಮೇಲೆ ಬಲಗಡೆ ಕೆರೆ ಮಂಜ, ಬಸ್ ಮಂಜ, ಬರೀ ಮಂಜ. ಹುಡುಗಿಯರ ಸಾಲಿನ ನಡುವೆ ಸುಮಾ ಬಿ.; ಅವರ ಜಾಮಿಟ್ರಿ ಬಾಕ್ಸಿನ ಕೈವಾರ ಯಾರ ಹತ್ತಿರ ಇದೆಯೋ ಅವರು ಬರುವಾಗ ತರಬೇಕು. ಪ್ರೆಸೆಂಟ್ ಸಾರ್ ಫೋಟೋ ದಿನ ಆಬ್ಸೆಂಟ್.

ಬೆಂಚಿನ ಎಡತುದಿ ಸೌಂಡುದು. ಈ ಸಲದ ಫೋಟೋದಲ್ಲೂ ಆ ಜಾಗ ಬಿಟ್ಟು ನಿಲ್ಲೋಣ.

ಹತ್ತನೇ ತರಗತಿ, 2005–06. ಭಾನುವಾರ, ಮೇ 17, 2026, ಬೆಳಿಗ್ಗೆ 10. ಅದೇ ಅಂಗಳ.

ಮೊದಲ ಸಾಲಿನ ಉದ್ದ ಬೇಕೆಂದೇ ಅಷ್ಟು. ಇನ್‌ಸ್ಟಾಗ್ರಾಮಿನಲ್ಲಿ ಮೊದಲ ಎರಡು ಸಾಲು ಮಾತ್ರ ಕಂಡು ಉಳಿದದ್ದು ಮಡಿಕೆಯ ಒಳಗೆ ಹೋಗುತ್ತದೆ. ತಾರೀಕು, ಶಾಲೆಯ ಹೆಸರು, ಆಯೋಜಕರ ಪಟ್ಟಿ ಮೊದಲು ಬಂದರೆ ಯಾರೂ ಒತ್ತಿ ತೆರೆಯುವುದಿಲ್ಲ. "ಎಣಿಸಿ" ಅಂದರೆ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡುತ್ತಾರೆ, ಹಿಗ್ಗಿಸಿದಾಗ ತಮ್ಮ ಮುಖ ಸಿಗುತ್ತದೆ. ಅಲ್ಲಿನ ಒಟ್ಟು ಮಿತಿ 2,200 ಅಕ್ಷರ, ಆದರೆ ಕನ್ನಡದಲ್ಲಿ ಒತ್ತು, ಗುಣಿತ ಒಂದೊಂದೂ ಬೇರೆ ಲೆಕ್ಕ. "ಸ್ಕೂಲು" ನಮ್ಮ ಕಣ್ಣಿಗೆ ಎರಡು ಅಕ್ಷರ, ಯಂತ್ರದ ಲೆಕ್ಕಕ್ಕೆ ಆರು. ಮೂವತ್ತಾರು ಹೆಸರನ್ನೂ ಕ್ಯಾಪ್ಷನ್ನಿನಲ್ಲೇ ತುಂಬುವ ಆಸೆ ಇದ್ದವರು ಇದನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ನಾವು ಪೂರ್ತಿ ಪಟ್ಟಿಯನ್ನು "ಎಡದಿಂದ ಬಲಕ್ಕೆ, ನೆಲದ ಮೇಲೆ ಕುಳಿತವರು, ನಿಂತವರು, ಬೆಂಚಿನ ಮೇಲೆ" ಅಂತ ಸಾಲುವಾರು ಮಾಡಿ, ನಿಜವಾದ ಹೆಸರುಗಳೊಂದಿಗೆ, ಮೊದಲ ಕಾಮೆಂಟಾಗಿ ಹಾಕಿದೆವು. ಅದರ ಕೊನೆಗೆ "ಚಿತ್ರದಲ್ಲಿ ಇಲ್ಲದವರು" ಅಂತ ಮೂವರು.

ಇದೇ ಬರಹ ಆರು ಅಡಿಗೆ ಮೂರು ಅಡಿಯ ಫ್ಲೆಕ್ಸಿಗೂ ಹೋಗಬೇಕಿತ್ತು. ಅಲ್ಲಿ ಬೇರೆ ಫಜೀತಿ. ಊರಿನ ಫ್ಲೆಕ್ಸ್ ಅಂಗಡಿಗಳಲ್ಲಿ ಎಷ್ಟೋ ಕಡೆ ಇನ್ನೂ ಹಳೇ ಆಸ್ಕಿ ಫಾಂಟುಗಳಲ್ಲೇ ವಿನ್ಯಾಸ ಮಾಡುತ್ತಾರೆ, ಮೊಬೈಲಿನ ಯೂನಿಕೋಡ್ ಪಠ್ಯವನ್ನು ಹಾಗೇ ಅಂಟಿಸಿದರೆ ಚೌಕಗಳೋ ಚೆಲ್ಲಾಪಿಲ್ಲಿ ಅಕ್ಷರಗಳೋ ಬರುತ್ತವೆ. ನುಡಿ ತಂತ್ರಾಂಶದ ಪರಿವರ್ತಕದಲ್ಲಿ ಯೂನಿಕೋಡಿನಿಂದ ಆಸ್ಕಿಗೆ ಬದಲಾಯಿಸಿ ಕೊಟ್ಟರೆ ಹೆಚ್ಚಿನದು ಸರಿಹೋಗುತ್ತದೆ. ಆಮೇಲೂ ಅರ್ಕಾವತ್ತು ಇರುವ ಪದ ಮತ್ತು ನಡುವೆ ಅರ್ಧಾಕ್ಷರ ಬರುವ ಇಂಗ್ಲಿಷ್ ಪದ ಎರಡನ್ನೂ ಬೆರಳಿಟ್ಟು ಓದಬೇಕು. ಇನ್ನು ಅಕ್ಷರದ ಗಾತ್ರ: ಹತ್ತು ಅಡಿ ದೂರದಿಂದ ಸಲೀಸಾಗಿ ಓದಬೇಕಾದರೆ ಕಡಿಮೆಯೆಂದರೂ ಒಂದು ಇಂಚು ಎತ್ತರ ಬೇಕು. ಹಾಗಾಗಿ ಫ್ಲೆಕ್ಸಿನಲ್ಲಿ ಮೊದಲ ಸಾಲು, ಕೊನೆಯ ಸಾಲು, ನಡುವೆ ಫೋಟೋ, ಅಷ್ಟೇ.

ಮುದ್ರಣಕ್ಕೆ ಮುಂಚೆ ಪ್ರೂಫ್ ತರಿಸಿದೆವು. ಅಂಗಡಿಯ ಹುಡುಗ ಬಣ್ಣ ಮಂಕಾಗಿದೆ ಅಂತ ಪಾಪ, ತಾನೇ ಕೂತು ಎಲ್ಲರ ಅಂಗಿಯನ್ನೂ ಬೆಳ್ಳಗೆ ಮಾಡಿಟ್ಟಿದ್ದ. ಮೇಲೆ ದಪ್ಪ ಅಕ್ಷರದಲ್ಲಿ "ಎಷ್ಟು ಥರದ ಬಿಳಿ ಇದೆ, ಎಣಿಸಿ". ಫೋನು ಮಾಡಿ ಮೊದಲಿನ ಫೈಲನ್ನೇ ಹಾಕಪ್ಪ ಅಂದೆವು.